‘ಓದಿದ್ದಂತೆ’ ಪದದ 14 ಬಿಡಿಕೆಗಳು: ಕನ್ನಡ ಪದವಿಶ್ಲೇಷಕದ ಒಂದು ಪ್ರಕರಣ ಅಧ್ಯಯನ

ಹಳೆಯ ಪತ್ರಗಳು ಮತ್ತು ನೆನಪಿನ ಬರಹಗಳ ಒಂದು ಸಣ್ಣ ಸಂಗ್ರಹದಿಂದ ‘ಅಂತೆ’ ಎಂಬ ಪ್ರತ್ಯಯದ ಪ್ರಯೋಗಗಳನ್ನು ಹೆಕ್ಕಿ ಕೊಡಬೇಕೆಂದು ನಿಘಂಟಿನ ಕೆಲಸದಲ್ಲಿ ತೊಡಗಿದ್ದ ಹಿರಿಯರೊಬ್ಬರು ಕೇಳಿದ್ದರು. ಕನ್ನಡದಲ್ಲಿ ‘ಅಂತೆ’ ಎರಡು ಬೇರೆ ಕೆಲಸ ಮಾಡುತ್ತದೆ. ‘ಅವರು ಊರಿಗೆ ಹೋದರಂತೆ’ ಎಂದಾಗ ಅದು ಹೇಳುವವನು ಕಣ್ಣಾರೆ ಕಂಡದ್ದಲ್ಲ, ಬೇರೆಯವರಿಂದ ಕೇಳಿದ್ದು ಎಂಬ ಅರ್ಥವನ್ನು ಕೊಡುತ್ತದೆ; ‘ಹೇಳಿದಂತೆ ಮಾಡಿದರು’ ಎಂದಾಗ ‘ಹಾಗೆ’ ಎಂಬ ಅರ್ಥವನ್ನು ಕೊಡುತ್ತದೆ. ಇವೆರಡನ್ನೂ ಬೇರೆ ಬೇರೆ ಉಲ್ಲೇಖಗಳಾಗಿ ಕೊಡಬೇಕೆಂಬುದು ಹಿರಿಯರ ಅಪೇಕ್ಷೆಯಾಗಿತ್ತು. ಪದದ ಕೊನೆಯ ಅಕ್ಷರಗಳನ್ನು ನೋಡಿ ಹುಡುಕಿದರೆ ಎರಡೂ ಒಂದೇ ರಾಶಿಯಲ್ಲಿ ಬಂದು ಬೀಳುತ್ತವೆಯಾದ್ದರಿಂದ, ಆ ಹೊತ್ತಿಗೆ ನಾವು ಅರ್ಧ ಕಟ್ಟಿದ್ದ ಪದವಿಶ್ಲೇಷಕದ ಮೂಲಕ ಪದಗಳನ್ನು ಬಿಡಿಸಿ ವಿಂಗಡಿಸುವುದೆಂದು ತೀರ್ಮಾನಿಸಿದೆವು. ಮೊದಲ ಸಲ ಓಡಿಸಿದಾಗ ‘ಓದಿದ್ದಂತೆ’ ಎಂಬ ಒಂದೇ ಪದಕ್ಕೆ ಅದು 14 ಬಿಡಿಕೆಗಳನ್ನು ಮುಂದಿಟ್ಟಿತು. ಆ 14 ಎಲ್ಲಿಂದ ಬಂದವು, ಅವುಗಳಲ್ಲಿ ಯಾವುವು ನಮ್ಮ ತಪ್ಪು, ಯಾವುವು ಭಾಷೆಯಲ್ಲೇ ಇರುವ ಸಂದಿಗ್ಧತೆ, ಮತ್ತು ಉಳಿದವನ್ನು ಹೇಗೆ ನಿಭಾಯಿಸಿದೆವು ಎಂಬುದು ಈ ಬರಹದ ವಿಷಯ.

ಯಂತ್ರದ ಸ್ವರೂಪ

ನಾವು ಬಳಸಿದ್ದು ಫೈನೈಟ್ ಸ್ಟೇಟ್ ಟ್ರಾನ್ಸ್‌ಡ್ಯೂಸರ್, ಎಂದರೆ ಪರಿಮಿತ ಸಂಖ್ಯೆಯ ಸ್ಥಿತಿಗಳ ನಡುವೆ ಬಾಣಗಳನ್ನು ಎಳೆದು, ಪ್ರತಿ ಬಾಣದ ಮೇಲೂ ಒಂದು ಜೋಡಿ ಅಕ್ಷರವನ್ನು ಬರೆದ ಜಾಲ. ಜೋಡಿಯ ಮೇಲಿನ ಬದಿಯನ್ನು ಓದುತ್ತ ಹೋದರೆ ‘ಓದು, ಕ್ರಿಯಾಪದ, ಭೂತಕಾಲ’ ಎಂಬಂಥ ವಿವರ ಸಿಗುತ್ತದೆ. ಕೆಳಗಿನ ಬದಿಯನ್ನು ಓದಿದರೆ ಬರವಣಿಗೆಯಲ್ಲಿ ಕಾಣುವ ಪದ ಸಿಗುತ್ತದೆ. ಒಂದೇ ಜಾಲವನ್ನು ಕೆಳಗಿನಿಂದ ಮೇಲಕ್ಕೆ ನಡೆಸಿದರೆ ವಿಶ್ಲೇಷಣೆ, ಮೇಲಿನಿಂದ ಕೆಳಕ್ಕೆ ನಡೆಸಿದರೆ ಪದದ ಉತ್ಪಾದನೆ. ಕಿಮ್ಮೊ ಕೊಸ್ಕೆನ್ನಿಯೆಮಿ ಅವರು 1983ರಲ್ಲಿ ಫಿನ್ನಿಷ್ ಭಾಷೆಗಾಗಿ ರೂಪಿಸಿದ ಎರಡು ಹಂತದ ಮಾದರಿಯಿಂದ ಈ ವಿಧಾನ ವ್ಯಾಪಕ ಬಳಕೆಗೆ ಬಂದಿತು. ಫಿನ್ನಿಷ್, ತುರ್ಕಿ, ಕನ್ನಡದಂಥ ಭಾಷೆಗಳಲ್ಲಿ ಪ್ರತ್ಯಯಗಳು ಒಂದರ ಬೆನ್ನಿಗೊಂದು ಅಂಟುತ್ತ ಹೋಗುವುದರಿಂದ, ಯಾವ ಪ್ರತ್ಯಯದ ನಂತರ ಯಾವುದು ಬರಬಹುದು ಎಂಬ ಸಾಲನ್ನು ಇಂಥ ಜಾಲ ಸಹಜವಾಗಿ ಹಿಡಿದಿಡುತ್ತದೆ. ನಾವು ಕೈಗೆತ್ತಿಕೊಂಡದ್ದು ಮಾನ್ಸ್ ಹುಲ್ಡೆನ್ ಅವರ `foma` ಎಂಬ ಮುಕ್ತ ತಂತ್ರಾಂಶ.

ಕನ್ನಡಕ್ಕೆ ಇಲ್ಲಿ ಒಂದು ಪೂರ್ವಸಿದ್ಧತೆ ಬೇಕು. ನಮ್ಮ ಲಿಪಿಯಲ್ಲಿ ವ್ಯಂಜನದೊಳಗೆ ಅಕಾರ ಅಡಗಿರುವುದರಿಂದ ಪ್ರತ್ಯಯಗಳ ಗಡಿ ಬಹಳ ಸಲ ಒಂದು ಅಕ್ಷರದ ನಡುವೆಯೇ ಬೀಳುತ್ತದೆ. ‘ಓದಿದ್ದಂತೆ’ಯಲ್ಲಿ ‘ದ್ದಂ’ ಎಂಬ ಅಕ್ಷರವನ್ನು ಗಮನಿಸಿ: ಅದರೊಳಗಿನ ದಕಾರಗಳೆರಡೂ ಹಿಂದಿನ ಭಾಗಕ್ಕೆ ಸೇರಿದವು, ಅಕಾರ ಮತ್ತು ಸೊನ್ನೆ ‘ಅಂತೆ’ಗೆ ಸೇರಿದವು. ಆದ್ದರಿಂದ ಒಳಗಿನ ಕೆಲಸಕ್ಕೆ ಪ್ರತಿ ಧ್ವನಿಯನ್ನೂ ಪ್ರತ್ಯೇಕ ರೋಮನ್ ಅಕ್ಷರವಾಗಿ ಬಿಡಿಸಿಕೊಂಡು, ಕೊನೆಯಲ್ಲಿ ಮತ್ತೆ ಕನ್ನಡ ಲಿಪಿಗೆ ಮರಳಿಸುತ್ತೇವೆ. ಈ ಬಿಡಿಸುವಿಕೆಗೆ ಮುಂಚೆ ಯೂನಿಕೋಡ್ ರೂಪವನ್ನು ಏಕರೂಪಗೊಳಿಸುವುದನ್ನು ಮರೆಯಬಾರದು. ‘ೇ’ ಎಂಬ ಒಂದೇ ಚಿಹ್ನೆಯನ್ನು ಒಂದು ಸಂಕೇತವಾಗಿಯೂ ಎರಡು ಸಂಕೇತಗಳ ಜೋಡಿಯಾಗಿಯೂ ಬರೆಯಲು ಸಾಧ್ಯವಿರುವುದರಿಂದ, ಕಣ್ಣಿಗೆ ಒಂದೇ ಆಗಿ ಕಾಣುವ ಪದ ಜಾಲಕ್ಕೆ ಅಪರಿಚಿತವಾಗಿಬಿಡುತ್ತದೆ.

14 ಎಲ್ಲಿಂದ ಬಂದವು

ಮೊದಲ ಆವೃತ್ತಿಯಿಂದ ಈ ಪದಕ್ಕೆ ಸಂಬಂಧಪಟ್ಟ ಭಾಗವನ್ನಷ್ಟೇ ತೆಗೆದು ಕೆಳಗೆ ಕೊಟ್ಟಿದ್ದೇನೆ. `^` ಎಂಬುದು ಪ್ರತ್ಯಯದ ಗಡಿ. `LEXICON` ಎಂಬ ಪ್ರತಿ ಗುಂಪಿನ ಸಾಲಿನ ಕೊನೆಯಲ್ಲಿರುವ ಹೆಸರು ಮುಂದೆ ಯಾವ ಗುಂಪಿಗೆ ಹೋಗಬಹುದು ಎಂಬುದನ್ನು ಹೇಳುತ್ತದೆ. `#` ಎಂದರೆ ಪದ ಮುಗಿಯಿತು.

```
LEXICON Root
Odu+N:Odu^           Iru ;
Odu+V+PP:Odi^        Iru ;
Odu+V+Ger:Odiddu^    Clitic ;

LEXICON Iru
+iru+Rel:idda^       Clitic ;
+iru+3SgM:idda^      Clitic ;
+iru+PP:iddu^        Clitic ;

LEXICON Clitic
                     # ;
+Sim:aMte            # ;
+Rep:aMte            # ;
```

ಇಲ್ಲಿನ ಗುರುತುಗಳನ್ನು ನಮ್ಮ ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ, `Rel` ಎಂಬುದು ‘ಇದ್ದ ಮನೆ’ ಎಂಬಲ್ಲಿನ ‘ಇದ್ದ’ದಂತೆ ನಾಮಪದಕ್ಕಿಂತ ಮೊದಲು ನಿಲ್ಲುವ ವಿಶೇಷಣ ಕೃದಂತ, `PP` ಎಂಬುದು ‘ಓದಿ’, ‘ಇದ್ದು’ ಎಂಬ ಕೃದಂತಾವ್ಯಯ, `3SgM` ಎಂಬುದು ‘ಅವನು ಓದಿದ್ದ’ ಎಂಬಲ್ಲಿನ ಪೂರ್ಣ ಕ್ರಿಯಾಪದ, `Ger` ಎಂಬುದು ‘ನಾನು ಓದಿದ್ದು ಇಷ್ಟೇ’ ಎಂಬಲ್ಲಿನ, ‘ಓದಿದುದು’ ಎಂಬುದರಿಂದ ಸಂಕ್ಷೇಪಗೊಂಡ ಕ್ರಿಯಾನಾಮ. `Sim` ಹೋಲಿಕೆಯ ‘ಅಂತೆ’, `Rep` ಕೇಳಿದ ಮಾತನ್ನು ಸೂಚಿಸುವ ‘ಅಂತೆ’.

ಇದರ ಮೇಲೆ ಲೋಪಸಂಧಿಯ ನಿಯಮವನ್ನು ಹೊದಿಸಲಾಗಿದೆ:

```
define Lex;
regex Lex .o. [ [a|e|i|u] -> 0 || _ "^" [a|e|i|u] ]
          .o. [ "^" -> 0 ] ;
```

ಸ್ವರದ ಮುಂದೆ ಸ್ವರ ಬಂದಾಗ ಹಿಂದಿನದು ಬಿಟ್ಟುಹೋಗುತ್ತದೆ, ಆಮೇಲೆ ಗಡಿಯ ಗುರುತು ಅಳಿಯುತ್ತದೆ. ಶಾಲೆಯಲ್ಲಿ ಕಲಿತ ‘ಊರು + ಅಲ್ಲಿ = ಊರಲ್ಲಿ’ ಎಂಬುದೇ ಇದು. ಪದವನ್ನು ಕೂಡಿಸುವಾಗ ಈ ಸಂಧಿ ಬಲು ಸರಳ. ಬಿಡಿಸುವಾಗ ಮಾತ್ರ ಅದು ಕಷ್ಟ ಕೊಡುತ್ತದೆ, ಏಕೆಂದರೆ ಬಿಟ್ಟುಹೋದ ಸ್ವರ ಯಾವುದೆಂಬ ಕುರುಹು ಪದದಲ್ಲಿ ಉಳಿಯುವುದಿಲ್ಲ. ‘ಓದಿದ್ದಂತೆ’ಯಲ್ಲಿ ಇಂಥ ಎರಡು ಖಾಲಿ ಜಾಗಗಳು ಸಾಧ್ಯ: ‘ಓದ್’ ಆದ ಮೇಲೆ ಒಂದು, ‘ಇದ್ದ್’ ಆದ ಮೇಲೆ ಇನ್ನೊಂದು. ಮೊದಲ ಖಾಲಿಯಲ್ಲಿ ಇಕಾರವಿತ್ತೆಂದರೆ ‘ಓದಿ + ಇದ್ದ’, ಎಂದರೆ ಕ್ರಿಯಾಪದ. ಉಕಾರವಿತ್ತೆಂದರೆ ‘ಓದು + ಇದ್ದ’, ಎಂದರೆ ‘ಓದು’ ಎಂಬ ನಾಮಪದದ ಮುಂದೆ ‘ಇರು’ ಧಾತು ಬಂದು ಸೇರಿದೆ. ಎರಡನೆಯ ಖಾಲಿಯಲ್ಲಿ ಅಕಾರವಿತ್ತೆಂದರೆ ‘ಇದ್ದ’, ಉಕಾರವಿತ್ತೆಂದರೆ ‘ಇದ್ದು’. ಮೊದಲ ಜಾಗದಲ್ಲಿ ಖಾಲಿಯೇ ಇರಲಿಲ್ಲವೆಂದರೆ ‘ಓದಿದ್ದು’ ಎಂಬ ಕ್ರಿಯಾನಾಮ.

ಈಗ ಎಣಿಸಿದರೆ ಲೆಕ್ಕ ಸರಿಹೋಗುತ್ತದೆ. ನಾಮಪದದ ಮುಂದೆ ‘ಇರು’ವಿನ 3 ರೂಪಗಳು, ಪ್ರತಿಯೊಂದಕ್ಕೂ 2 ‘ಅಂತೆ’ಗಳು, ಒಟ್ಟು 6. ಕ್ರಿಯಾಪದಕ್ಕೂ ಹಾಗೆಯೇ 6. ಕ್ರಿಯಾನಾಮಕ್ಕೆ 2. ಒಂದು ಧಾತುವಿನ, ನಾಲ್ಕು ಅಕ್ಷರದ, ದಿನನಿತ್ಯದ ಪದಕ್ಕೆ ಇಷ್ಟಾದರೆ, ಇನ್ನೂ ಉದ್ದದ ಪದಗಳ ಗತಿಯೇನೆಂಬ ಆತಂಕ ಸಹಜವಾಗಿಯೇ ಹುಟ್ಟಿತು.

ನಮ್ಮ ತಪ್ಪುಗಳು

14ರಲ್ಲಿ 11 ಬಿಡಿಕೆಗಳು ಕನ್ನಡದಲ್ಲಿ ಇಲ್ಲವೇ ಇಲ್ಲ. ಅವು ವ್ಯಾಕರಣವನ್ನು ನಾವು ಸಡಿಲವಾಗಿ ಬರೆದದ್ದರಿಂದ ಹುಟ್ಟಿದವು, ಆದ್ದರಿಂದ ಅವನ್ನು ವಾಕ್ಯದ ಸಂದರ್ಭ ನೋಡಿ ಬಿಡಿಸಲು ಹೊರಡುವುದು ವ್ಯರ್ಥ ಶ್ರಮ. ಇಂಥವನ್ನು ಗುರುತಿಸಲು ನನಗೆ ಅತ್ಯಂತ ಉಪಯುಕ್ತವಾಗಿ ಕಂಡ ದಾರಿಯೆಂದರೆ, ಜಾಲವನ್ನು ಹಿಮ್ಮುಖವಾಗಿ ನಡೆಸುವುದು. ಒಂದು ಅನುಮಾನಾಸ್ಪದ ಬಿಡಿಕೆಯ ಅರ್ಥವನ್ನು ಬಾಯಿಮಾತಿನಲ್ಲಿ ಹೇಳಿಕೊಂಡು, ಆ ಅರ್ಥವನ್ನು ಕನ್ನಡಿಗರು ಯಾವ ಪದದಿಂದ ಹೇಳುತ್ತಾರೆ ಎಂದು ಕೇಳಿಕೊಳ್ಳಬೇಕು; ಜಾಲ ಬೇರೆ ಪದವನ್ನು ಕೊಟ್ಟರೆ ವ್ಯಾಕರಣ ತಪ್ಪಾಗಿದೆ.

‘ಅವನು ಓದಿದ್ದ’ ಎಂಬ ಪೂರ್ಣ ಕ್ರಿಯಾಪದಕ್ಕೆ ಕೇಳಿದ ಮಾತಿನ ‘ಅಂತೆ’ ಸೇರಿದರೆ ‘ಓದಿದ್ದಂತೆ’ ಆಗುತ್ತದೆಂದು ನಮ್ಮ ಜಾಲ ಹೇಳುತ್ತಿತ್ತು. ನಾವು ಹೇಳುವುದು ‘ಓದಿದ್ದನಂತೆ’ ಎಂದು. ಪದದ ಕೊನೆಯಲ್ಲಿ ‘ನು’ ಬಿಟ್ಟುಹೋಗಬಹುದು, ಆದರೆ ಅದರ ಮುಂದೆ ಇನ್ನೊಂದು ಪ್ರತ್ಯಯ ಬಂದೊಡನೆ ನಕಾರ ಮರಳಿ ಬರುತ್ತದೆ: ಓದಿದ್ದನೇ, ಓದಿದ್ದನೋ, ಓದಿದ್ದನಲ್ಲ. ಎಂದರೆ ‘ಓದಿದ್ದ’ ಎಂಬ ಗಿಡ್ಡ ರೂಪ ಪದಾಂತ್ಯಕ್ಕೆ ಮಾತ್ರ ಮೀಸಲು. ಇದು ತಿಳಿಯದ ಸಂಗತಿಯಲ್ಲ. ಆದರೆ ಗುಂಪುಗಳನ್ನು ಬರೆಯುವಾಗ ‘ಪ್ರತ್ಯಯವಾದ ಮೇಲೆ ಅವಧಾರಣೆಗಳು ಬರುತ್ತವೆ’ ಎಂದು ಒಂದೇ `Clitic` ಗುಂಪನ್ನು ಎಲ್ಲಕ್ಕೂ ಹಚ್ಚಿದ್ದು ತಪ್ಪಾಗಿತ್ತು.

ಕ್ರಿಯಾನಾಮಕ್ಕೆ ಹೋಲಿಕೆಯ ‘ಅಂತೆ’ ಸೇರಿಸಿದ್ದು ಇನ್ನೊಂದು ತಪ್ಪು. ಹೋಲಿಕೆಯ ‘ಅಂತೆ’ ನಾಮಪದಕ್ಕೆ ಸೇರುವಾಗ ಷಷ್ಠೀ ರೂಪವನ್ನು ಬೇಡುತ್ತದೆ. ‘ಅದು’ ಎಂಬುದರಿಂದ ‘ಅದರಂತೆ’ ಆಗುವ ಹಾಗೆ ‘ಓದಿದ್ದು’ ಎಂಬುದರಿಂದ ‘ಓದಿದ್ದರಂತೆ’ ಆಗಬೇಕು. ಹೀಗೆ ತಿದ್ದಿದೊಡನೆ ಆ ಸಂದಿಗ್ಧತೆ ಈ ಪದದಿಂದ ಹೊರಟು ‘ಓದಿದ್ದರಂತೆ’ಗೆ ಹೋಗಿ ನೆಲೆಸಿತು, ಏಕೆಂದರೆ ಅದು ‘ಓದಿದ್ದರು + ಅಂತೆ’ ಎಂದೂ ಬಿಡಿಸಿಕೊಳ್ಳುತ್ತದೆ. ಅಲ್ಲಿ ಅದು ನಿಜವಾದ ಸಂದಿಗ್ಧತೆ, ಆದ್ದರಿಂದ ಅಲ್ಲಿ ಇರುವುದೇ ಸರಿ.

ಮೂರನೆಯ ತಿದ್ದುಪಡಿಯಲ್ಲಿ ನಾವು ಎಡವಿದೆವು. ಕೇಳಿದ ಮಾತಿನ ‘ಅಂತೆ’ ಪೂರ್ಣ ಕ್ರಿಯಾಪದದ ನಂತರ ಮಾತ್ರ ಬರುತ್ತದೆಂದು ಭಾವಿಸಿ ಉಳಿದೆಡೆಗಳಿಂದ ಅದನ್ನು ಕಿತ್ತುಹಾಕಿ, ‘ಇದ್ದು’ ಎಂಬ ಕೃದಂತಾವ್ಯಯದ ನಂತರದ ಹೋಲಿಕೆಯ ‘ಅಂತೆ’ಯನ್ನೂ ತೆಗೆದಾಗ ‘ಓದಿದ್ದಂತೆ’ಯ ಬಿಡಿಕೆಗಳು ಎರಡಕ್ಕೆ ಇಳಿದವು, ಎರಡೂ ಹೋಲಿಕೆಯವು. ಸಂಖ್ಯೆ ಇಳಿದದ್ದನ್ನು ಕಂಡು ಕೆಲಸ ಮುಗಿಯಿತೆಂದೇ ನಂಬಿದ್ದೆವು. ಆದರೆ ಸಂಗ್ರಹದ ಒಂದು ಪತ್ರದಲ್ಲಿ ‘ಅವರ ತಂದೆ ಮೈಸೂರಿನಲ್ಲಿ ಓದಿದ್ದಂತೆ’ ಎಂಬ ವಾಕ್ಯವಿತ್ತು. ಅಲ್ಲಿ ಪೂರ್ಣವಿರಾಮವಿದೆ, ಹೋಲಿಕೆಗೆ ಜಾಗವೇ ಇಲ್ಲ. ‘ಅವರು ಓದಿದ್ದು ಮೈಸೂರಿನಲ್ಲಿ ಎಂದು ಹೇಳುತ್ತಾರೆ’ ಎಂಬುದೇ ಅದರ ಅರ್ಥ. ಕೇಳಿದ ಮಾತಿನ ‘ಅಂತೆ’ ಸೇರುವುದು ಕ್ರಿಯಾಪದಕ್ಕೆ ಮಾತ್ರವಲ್ಲ, ವಾಕ್ಯವನ್ನು ಮುಗಿಸುವ ಆಖ್ಯಾತವಾಗಿ ನಿಂತ ಯಾವ ಪದಕ್ಕಾದರೂ ಸರಿ. ‘ಅವರು ಮೇಷ್ಟರಂತೆ’ ಎಂದರೆ ಅವರು ಮೇಷ್ಟರೆಂದು ಕೇಳಿದ್ದೇವೆ, ‘ಮೇಷ್ಟರಂತೆ ಮಾತಾಡುತ್ತಾರೆ’ ಎಂದರೆ ಮೇಷ್ಟರ ಹಾಗೆ. ಬಿಡಿಕೆಗಳ ಸಂಖ್ಯೆ ಕಡಿಮೆಯಾಯಿತೆಂಬುದು ಸುಧಾರಣೆಯ ಅಳತೆಯಾಗಲಾರದೆಂದು ಅಂದು ನಾವು ಕಲಿತೆವು. ಅಂದಿನಿಂದ ಪ್ರತಿ ತಿದ್ದುಪಡಿಗೂ ಮುಂಚೆ, ಉಳಿಯಲೇಬೇಕಾದ ಬಿಡಿಕೆಗಳ ಒಂದು ಕೈಬರಹದ ಪಟ್ಟಿಯನ್ನು ಇಟ್ಟುಕೊಂಡು, ತಿದ್ದಿದ ನಂತರ ಅವೆಲ್ಲ ಇವೆಯೇ ಎಂದು ಪರೀಕ್ಷಿಸುತ್ತೇವೆ.

ಕೊನೆಗೆ ನಿಂತ ರೂಪ ಇದು:

```
LEXICON Root
Odu+N:Odu^           Iru ;
Odu+V+PP:Odi^        Iru ;
Odu+V+Ger:Odiddu^    PredEnd ;

LEXICON Iru
+iru+Rel:idda^       RelEnd ;
+iru+3SgM:idda       # ;
+iru+3SgM:iddanu^    PredEnd ;
+iru+PP:iddu         # ;

LEXICON RelEnd
                     # ;
+Sim:aMte            # ;

LEXICON PredEnd
                     # ;
+Rep:aMte            # ;
```

ಒಂದು `Clitic` ಗುಂಪು ಹೋಗಿ ಎರಡು ಬಂದಿವೆ. ಇದು ಈ ಪದಕ್ಕೆ ಬೇಕಾದ ಭಾಗವಷ್ಟೇ. ಪೂರ್ಣ ವ್ಯಾಕರಣದಲ್ಲಿ ‘ಇದ್ದು’ವಿನ ನಂತರ ‘ಇದ್ದೂ’, ‘ಇದ್ದೇ’ ಎಂಬ ದಾರಿಗಳೂ, ಆಖ್ಯಾತದ ನಂತರ ಪ್ರಶ್ನೆಯ ‘ಏ’, ‘ಓ’ಗಳೂ ಇವೆ. ಈಗ `foma`ದಲ್ಲಿ ಕೇಳಿದರೆ ಸಿಗುವ ಉತ್ತರ:

```
foma[1]: up OdiddaMte
Odu+N+iru+Rel+Sim
Odu+V+PP+iru+Rel+Sim
Odu+V+Ger+Rep
```

ಉಳಿದ ಮೂರು

ಈ ಮೂರನ್ನು ಯಾವ ತಿದ್ದುಪಡಿಯೂ ಕಡಿಮೆ ಮಾಡಬಾರದು. ಮೂರಕ್ಕೂ ವಾಕ್ಯಗಳಿವೆ. ‘ಈ ಕಥೆಯನ್ನು ಎಲ್ಲೋ ಓದಿದ್ದಂತೆ ನೆನಪು’ ಎಂಬುದು ಎರಡನೆಯದು. ‘ಅವರ ತಂದೆ ಮೈಸೂರಿನಲ್ಲಿ ಓದಿದ್ದಂತೆ’ ಎಂಬುದು ಮೂರನೆಯದು. ‘ಅಣ್ಣನಿಗೆ ಓದಿದ್ದಂತೆ ತಮ್ಮನಿಗೆ ಇರಲಿಲ್ಲ’ ಎಂಬುದು ಮೊದಲನೆಯದು. ಅಲ್ಲಿ ‘ಓದು’ ಎಂದರೆ ವಿದ್ಯೆ. ಮೊದಲನೆಯ ಬಿಡಿಕೆಯನ್ನು ಉಳಿಸಿಕೊಳ್ಳಬೇಕೇ ಎಂಬ ಬಗ್ಗೆ ನಮ್ಮಲ್ಲಿ ಚರ್ಚೆ ನಡೆಯಿತು, ಏಕೆಂದರೆ ಅದು ನಿಜವಾಗಿ ಎರಡು ಪದಗಳು ಸಂಧಿಯಾಗಿ ಒಂದಾದದ್ದು; ‘ಓದು ಇದ್ದಂತೆ’ ಎಂದು ಬಿಡಿಸಿ ಬರೆದರೂ ಯಾರೂ ತಪ್ಪೆನ್ನುವುದಿಲ್ಲ. ಎಲ್ಲ ನಾಮಪದಗಳೂ ಎಲ್ಲ ಪದಗಳೊಡನೆ ಹೀಗೆ ಕೂಡಬಹುದೆಂದು ಜಾಲಕ್ಕೆ ಹೇಳಿದರೆ ಉದ್ದದ ಪ್ರತಿ ಪದವೂ ಚೂರುಚೂರಾಗುತ್ತದೆ. ಕೂಡಲೇಬಾರದೆಂದರೆ ‘ಊರಿದೆ’, ‘ಮಾತಿಲ್ಲ’ ಎಂಬ ತೀರಾ ಸಾಮಾನ್ಯ ರೂಪಗಳೇ ಬಿಟ್ಟುಹೋಗುತ್ತವೆ. ‘ಇರು’ವಿನ ರೂಪಗಳು, ‘ಇಲ್ಲ’, ‘ಅಲ್ಲ’, ‘ಆಗು’ವಿನ ರೂಪಗಳು, ‘ಎಂದು’, ‘ಎಂಬ’ ಇಷ್ಟರ ಒಂದು ಮುಚ್ಚಿದ ಪಟ್ಟಿಯೊಡನೆ ಮಾತ್ರ ಸೇರಲು ಬಿಟ್ಟದ್ದು ನಮ್ಮ ಮಧ್ಯಮ ಮಾರ್ಗ. ಅದರಿಂದಾಗಿ ನಾಮಪದವೂ ಧಾತುವೂ ಆಗಿರುವ ಉಕಾರಾಂತ ಪದಗಳಲ್ಲೆಲ್ಲ ಈ ಜೋಡಿ ಬಿಡಿಕೆ ಬರುತ್ತದೆ: ಹಾಡಿದ್ದಂತೆ, ಆಡಿದ್ದಂತೆ, ಕಾಡಿದ್ದಂತೆ. ಕೊನೆಯದರಲ್ಲಿ ಒಂದು ಅರಣ್ಯ, ಇನ್ನೊಂದು ಪೀಡೆ.

ಮೂರರಲ್ಲಿ ಒಂದನ್ನು ಆರಿಸಲು ಮೊದಲು ಹೊಳೆದ ಉಪಾಯ, ಅತಿ ಕಡಿಮೆ ಭಾಗಗಳಿರುವ ಬಿಡಿಕೆಯೇ ಸರಿಯೆಂದು ಎಣಿಸುವುದು. ಹಲವು ವಿಶ್ಲೇಷಕಗಳಲ್ಲಿ ಇದು ಬಳಕೆಯಲ್ಲಿದೆ, ತೂಕ ಹಾಕಿದ ಜಾಲದಲ್ಲಿ ಪ್ರತಿ ಗಡಿಗೂ ಒಂದು ಬೆಲೆ ಕಟ್ಟಿದರೆ ತಾನಾಗಿಯೇ ಸಾಧ್ಯವಾಗುತ್ತದೆ. ಇಲ್ಲಿ ಅದು ಯಾವಾಗಲೂ `Odu+V+Ger+Rep` ಎಂಬುದನ್ನೇ ಆರಿಸುತ್ತದೆ, ಏಕೆಂದರೆ ಅದರಲ್ಲಿ ‘ಇರು’ ಇಲ್ಲ. ‘ಓದಿದ್ದಂತೆ ನೆನಪು’ ಎಂಬ ವಾಕ್ಯದಲ್ಲೂ ಅದನ್ನೇ ಆರಿಸುತ್ತದೆ. ಪದದೊಳಗಿನ ಉದ್ದ, ವಾಕ್ಯದಲ್ಲಿ ಆ ಪದ ಮಾಡುವ ಕೆಲಸದ ಬಗ್ಗೆ ಏನನ್ನೂ ಹೇಳುವುದಿಲ್ಲ. ಕಾಗುಣಿತ ತಪಾಸಣೆಗೆ ಈ ಉಪಾಯ ಸಾಕಾಗಬಹುದು, ನಿಘಂಟಿನ ಉಲ್ಲೇಖಕ್ಕೆ ಸಾಲದು.

ನಾವು ಹಿಡಿದ ದಾರಿ, ಫ್ರೆಡ್ ಕಾರ್ಲ್ಸನ್ ಅವರು 1990ರಲ್ಲಿ ಮುಂದಿಟ್ಟ ನಿರ್ಬಂಧ ವ್ಯಾಕರಣದ್ದು. ಅದರಲ್ಲಿ ವಿಶ್ಲೇಷಕ ಕೊಟ್ಟ ಎಲ್ಲ ಬಿಡಿಕೆಗಳನ್ನೂ ಮೊದಲು ಪದದ ಕೆಳಗೆ ಇಟ್ಟು, ಅಕ್ಕಪಕ್ಕದ ಪದಗಳನ್ನು ನೋಡಿ ಹೊಂದದವನ್ನು ಒಂದೊಂದಾಗಿ ತೆಗೆಯುತ್ತಾರೆ. ಕೊನೆಯ ಒಂದು ಬಿಡಿಕೆಯನ್ನು ಮಾತ್ರ ಎಂದಿಗೂ ತೆಗೆಯುವುದಿಲ್ಲ. ಈ ನಿಯಮಗಳನ್ನು ಬರೆಯುವಾಗ ನಮಗೆ ಕಂಡುಬಂದ ಒಂದು ಸಂಗತಿಯನ್ನು ಈ ಪ್ರಕರಣದ ಮುಖ್ಯ ಫಲವೆಂದು ನಾನು ಭಾವಿಸುತ್ತೇನೆ. ‘ಓದಿದ್ದಂತೆ’ಯಲ್ಲಿ ಎರಡು ಪ್ರಶ್ನೆಗಳಿವೆ: ಬುಡದಲ್ಲಿರುವ ‘ಓದು’ ನಾಮವೋ ಧಾತುವೋ ಎಂಬುದೊಂದು, ತುದಿಯಲ್ಲಿರುವ ‘ಅಂತೆ’ ಯಾವುದು ಎಂಬುದೊಂದು. ಕನ್ನಡದಲ್ಲಿ ಕರ್ಮ, ಅಧಿಕರಣಗಳು ಕ್ರಿಯೆಗಿಂತ ಮುಂಚೆ ಬರುತ್ತವೆ, ಆದ್ದರಿಂದ ಬುಡದ ಪ್ರಶ್ನೆಗೆ ಉತ್ತರ ಸಾಮಾನ್ಯವಾಗಿ ಎಡಗಡೆಯ ಪದಗಳಲ್ಲಿರುತ್ತದೆ. ‘ಕಥೆಯನ್ನು’ ಎಂಬ ದ್ವಿತೀಯಾ ವಿಭಕ್ತಿ ಇದ್ದರೆ ‘ಓದು’ ಧಾತುವೇ ಆಗಿರಬೇಕು. ತುದಿಯ ಪ್ರತ್ಯಯ ಇಡೀ ಪದವನ್ನು ಮುಂದಿನದಕ್ಕೆ ಕಟ್ಟುತ್ತದೆ, ಆದ್ದರಿಂದ ಅದರ ಉತ್ತರ ಬಲಗಡೆಯಲ್ಲಿರುತ್ತದೆ. ‘ನೆನಪು’, ‘ಅನಿಸಿತು’, ‘ಕಾಣುತ್ತದೆ’, ‘ಆಯಿತು’ ಎಂಬುವು ಬಲಕ್ಕೆ ಇದ್ದರೆ ಹೋಲಿಕೆಯ ‘ಅಂತೆ’. ಬಲಕ್ಕೆ ಪೂರ್ಣವಿರಾಮವೇ ಇದ್ದರೆ ಕೇಳಿದ ಮಾತಿನ ‘ಅಂತೆ’. ಆದ್ದರಿಂದ ಇಡೀ ಪದಕ್ಕೆ ಒಂದು ನಿಯಮ ಬರೆಯುವ ಬದಲು ಬುಡಕ್ಕೆ ಎಡ ನೋಡುವ ನಿಯಮಗಳನ್ನೂ ತುದಿಗೆ ಬಲ ನೋಡುವ ನಿಯಮಗಳನ್ನೂ ಪ್ರತ್ಯೇಕವಾಗಿ ಬರೆದೆವು. ನಿಯಮಗಳ ಸಂಖ್ಯೆ ಇಳಿಯಿತು. ಅದಕ್ಕಿಂತ ಮಿಗಿಲಾಗಿ, ಒಂದು ನಿಯಮ ಏಕೆ ತಪ್ಪಿತೆಂದು ಹುಡುಕುವುದು ಸುಲಭವಾಯಿತು.

ತುರ್ಕಿ ಭಾಷೆಯ ಮೇಲೆ ಕೆಲಸ ಮಾಡಿದ ಕೆಮಾಲ್ ಒಫ್ಲಾಝೆರ್ ಮತ್ತು ಅವರ ಸಂಗಡಿಗರು ಇದೇ ಬಗೆಯ ಒಳನೋಟವನ್ನು ಬಹಳ ಮುಂಚೆಯೇ ಬಳಸಿದ್ದಾರೆ. ಉದ್ದದ ತುರ್ಕಿ ಪದವನ್ನು ಅವರು ಸಾಧಿತ ಪ್ರತ್ಯಯಗಳ ಗಡಿಯಲ್ಲಿ ಗುಂಪುಗಳಾಗಿ ಒಡೆದು, ಪ್ರತಿ ಗುಂಪಿಗೂ ತನ್ನದೇ ವಾಕ್ಯಸಂಬಂಧ ಇರಬಹುದೆಂದು ಪರಿಗಣಿಸಿದರು. ಆ ಭಾಷೆಯಲ್ಲೂ ಸಂದಿಗ್ಧತೆ ಉದ್ದದ ಪದಗಳಿಗೇ ಮೀಸಲಲ್ಲ. ‘ಎವ್’ ಎಂದರೆ ಮನೆ. ‘ಎವ್ಲೆರಿ’ ಎಂಬ ಪುಟ್ಟ ಪದ ‘ಅವನ ಮನೆಗಳು’, ‘ಅವರ ಮನೆ’, ‘ಅವರ ಮನೆಗಳು’, ‘ಮನೆಗಳನ್ನು’ ಎಂಬ ನಾಲ್ಕು ಅರ್ಥಗಳನ್ನು ಹೊರುತ್ತದೆ. ಅಲ್ಲಿ ಕಾರಣ ಲೋಪವಲ್ಲ, ಬೇರೆ ಬೇರೆ ಪ್ರತ್ಯಯಗಳು ಒಂದೇ ರೂಪ ತಾಳುವುದು.

ಉದ್ದದ ಸರಪಳಿ

ಒಂದು ಪದದಲ್ಲಿ ಕಲಿತದ್ದನ್ನು ಪರೀಕ್ಷಿಸಲು ಅದೇ ಸಂಗ್ರಹದ ‘ಮಕ್ಕಳನ್ನು ಓದಿಸುತ್ತಿದ್ದವರಿಗಾದರೂ ತಿಳಿಸಬೇಕಿತ್ತು’ ಎಂಬ ವಾಕ್ಯವನ್ನು ತೆಗೆದುಕೊಂಡೆವು. ‘ಓದಿಸುತ್ತಿದ್ದವರಿಗಾದರೂ’ ಎಂಬುದರಲ್ಲಿ ಓದು, ಇಸು, ಉತ್ತ, ಇದ್ದ, ಅವರು, ಇಗೆ, ಆದರೂ ಎಂಬ ಏಳು ಭಾಗಗಳಿವೆ. ಆಗಿನ ಜಾಲ ನಾಲ್ಕು ಕಡೆ ಎರಡೆರಡು ದಾರಿಗಳನ್ನು ಕೊಡುತ್ತಿತ್ತು. ‘ಓದಿಸು’ ನಮ್ಮ ಪದಪಟ್ಟಿಯಲ್ಲಿ ಸ್ವತಂತ್ರ ಧಾತುವಾಗಿಯೂ ಇತ್ತು, ‘ಓದು + ಇಸು’ ಎಂದೂ ಸಿದ್ಧವಾಗುತ್ತಿತ್ತು. ‘ಇದ್ದ’ ಸಹಾಯಕ ಕ್ರಿಯಾಪದವೆಂದು ಒಂದು ದಾರಿ, ‘ವಾಸವಿದ್ದ’ ಎಂಬರ್ಥದ ಮುಖ್ಯ ಕ್ರಿಯಾಪದವೆಂದು ಇನ್ನೊಂದು. ‘ಅವರು’ ಬಹುವಚನವೋ ಗೌರವದ ಏಕವಚನವೋ. ‘ಆದರೂ’ ಎಂಬುದು ‘ಕನಿಷ್ಠ ಪಕ್ಷ’ ಎಂಬರ್ಥದ ಅಂಟುಪದವೋ, ‘ಆಗು’ ಧಾತುವಿನ ‘ಆದರೂ ಸಹ’ ಎಂಬ ರೂಪವೋ. ನಾಲ್ಕು ಕವಲುಗಳು ಒಂದಕ್ಕೊಂದು ಸಂಬಂಧವಿಲ್ಲದೆ ಗುಣಿಸಿಕೊಂಡು 16 ಬಿಡಿಕೆಗಳಾದವು.

ಇಲ್ಲಿ ಪ್ರತಿ ಕವಲಿಗೂ ಬೇರೆ ಮದ್ದು ಬೇಕಾಯಿತು. ‘ಓದಿಸು’ವಿನದು ನಮ್ಮದೇ ಪದಪಟ್ಟಿಯ ಪುನರುಕ್ತಿ, ಅರ್ಥ ಪ್ರೇರಣೆಯಷ್ಟೇ ಆಗಿರುವ ಕಡೆ ಸ್ವತಂತ್ರ ನಮೂದನ್ನು ತೆಗೆದು, ಅರ್ಥ ಕವಲೊಡೆದ ಕಡೆ ಮಾತ್ರ ಉಳಿಸಿದೆವು. ‘ಇದ್ದ’ದ ಎರಡು ಅರ್ಥಗಳ ನಡುವಿನ ಗೆರೆ ಓದುಗರಿಗೇ ಸ್ಪಷ್ಟವಿರುವುದಿಲ್ಲ, ಅದನ್ನು ಪದರಚನೆಯ ಹಂತದಲ್ಲಿ ಎಳೆಯಲು ಹೊರಟದ್ದೇ ಅನಗತ್ಯವಾಗಿತ್ತು. ‘ಅವರು’ ವಿಷಯದಲ್ಲಿ ಸಂದಿಗ್ಧತೆ ನಿಜ, ಆದರೆ ಅದನ್ನು ಎರಡು ದಾರಿಗಳಾಗಿ ಇಡಬೇಕಿಲ್ಲ. ‘ಬಹುವಚನ ಅಥವಾ ಗೌರವ’ ಎಂಬ ಒಂದೇ ಗುರುತನ್ನು ಕೊಟ್ಟು, ತೀರ್ಮಾನವನ್ನು ವಾಕ್ಯದ ಹಂತಕ್ಕೆ ಬಿಟ್ಟರೆ ಮಾಹಿತಿ ಏನೂ ನಷ್ಟವಾಗುವುದಿಲ್ಲ, ಗುಣಾಕಾರ ಮಾತ್ರ ನಿಲ್ಲುತ್ತದೆ. ಉಳಿದದ್ದು ‘ಆದರೂ’. ಅದು ವಾಕ್ಯದ ರಚನೆಯನ್ನೇ ಬದಲಿಸುವುದರಿಂದ ಎರಡೂ ದಾರಿಗಳನ್ನು ಇಟ್ಟುಕೊಂಡೆವು. 16 ಹೋಗಿ 2 ಉಳಿದವು. ಎಡಬಲದ ನಿಯಮ ಇಲ್ಲಿಯೂ ನಿಂತಿತು: ‘ಮಕ್ಕಳನ್ನು’ ಎಂಬ ಕರ್ಮ ಪದದ ಬುಡದಲ್ಲಿರುವ ‘ಓದಿಸು’ವಿಗೆ ಸೇರಿದ್ದು, ‘ತಿಳಿಸಬೇಕಿತ್ತು’ ಎಂಬುದು ತುದಿಯ ಚತುರ್ಥಿಗೆ ಉತ್ತರ ಕೊಟ್ಟು ‘ಆದರೂ’ವನ್ನು ‘ಕನಿಷ್ಠ ಪಕ್ಷ’ ಎಂಬ ಅರ್ಥಕ್ಕೆ ಕಟ್ಟಿತು.

ನಿಯಮ ಸೋತ ಕಡೆಗಳು

ಪತ್ರ ಬರೆಯುವವರು ಪೂರ್ಣವಿರಾಮವನ್ನು ಪಠ್ಯಪುಸ್ತಕದಂತೆ ಬಳಸುವುದಿಲ್ಲ. ‘ಅವರ ತಂದೆ ಮೈಸೂರಿನಲ್ಲಿ ಓದಿದ್ದಂತೆ, ಆಮೇಲೆ ಧಾರವಾಡಕ್ಕೆ ಬಂದರಂತೆ’ ಎಂಬಲ್ಲಿ ಅಲ್ಪವಿರಾಮವಿದ್ದುದರಿಂದ ನಮ್ಮ ನಿಯಮ ಹೋಲಿಕೆಯನ್ನು ಆರಿಸಿತು. ಮುಂದಿನ ಉಪವಾಕ್ಯದ ಕ್ರಿಯಾಪದವೂ ‘ಅಂತೆ’ಯಿಂದ ಮುಗಿದಿದ್ದರೆ ಹಿಂದಿನದನ್ನೂ ಕೇಳಿದ ಮಾತೆಂದು ತಿಳಿಯುವ ಇನ್ನೊಂದು ನಿಯಮವನ್ನು ಸೇರಿಸಿದೆವು. ಅದು ಬಹುತೇಕ ಸರಿಯಾಗಿ ನಡೆದರೂ ‘ಪತ್ರದಲ್ಲಿ ಓದಿದ್ದಂತೆ, ಅವರು ಮರುದಿನವೇ ಹೊರಟರಂತೆ’ ಎಂಬಂಥ ವಾಕ್ಯದಲ್ಲಿ ತಪ್ಪುತ್ತದೆ. ಇಲ್ಲಿ ಮೊದಲನೆಯದು ‘ಓದಿದ್ದ ಹಾಗೆ’ ಎಂಬ ಹೋಲಿಕೆಯೇ. ಮೊದಲ ವಾಕ್ಯದಲ್ಲಿ ‘ತಂದೆ’ ಎಂಬ ಕರ್ತೃ ಇದೆ, ಎರಡನೆಯದರಲ್ಲಿ ಇಲ್ಲ ಎಂಬ ವ್ಯತ್ಯಾಸವನ್ನು ಹಿಡಿಯಬಹುದಿತ್ತು, ಆದರೆ ಕನ್ನಡದಲ್ಲಿ ಕರ್ತೃಪದವನ್ನು ಬಿಟ್ಟು ಬರೆಯುವುದು ತೀರಾ ಸಾಮಾನ್ಯವಾದ್ದರಿಂದ ಅದರ ಮೇಲೆ ಭಾರ ಹಾಕಲು ಧೈರ್ಯ ಬರಲಿಲ್ಲ.

ಹಿರಿಯರಿಗೆ ಒಪ್ಪಿಸಿದ ಪಟ್ಟಿಯಲ್ಲಿ ಆದ್ದರಿಂದ ಮೂರು ಕಂತೆಗಳಿದ್ದವು: ಕೇಳಿದ ಮಾತು, ಹೋಲಿಕೆ, ಮತ್ತು ಎರಡಕ್ಕಿಂತ ಹೆಚ್ಚು ಬಿಡಿಕೆಗಳಾಗಲಿ ಎರಡೇ ಆಗಲಿ ಕೊನೆಯವರೆಗೂ ಉಳಿದುಕೊಂಡ ವಾಕ್ಯಗಳು. ಮೂರನೆಯ ಕಂತೆಯ ಮೊದಲ ಪುಟದಲ್ಲಿಯೇ ‘ಅಜ್ಜನಿಗೆ ಓದಿದ್ದಂತೆ ನೆನಪು’ ಎಂಬ ವಾಕ್ಯವಿತ್ತು. ಬಲಗಡೆಯ ‘ನೆನಪು’ ತುದಿಯ ‘ಅಂತೆ’ಯನ್ನು ಹೋಲಿಕೆಯದೆಂದು ತೀರ್ಮಾನಿಸಿತ್ತು. ಎಡಗಡೆಯ ‘ಅಜ್ಜನಿಗೆ’ ಎಂಬ ಚತುರ್ಥಿ ಮಾತ್ರ ಬುಡದ ಪ್ರಶ್ನೆಗೆ ಎರಡು ಉತ್ತರ ಕೊಡುತ್ತಿತ್ತು: ಅಜ್ಜನಿಗೆ ಓದು ಬರುತ್ತಿತ್ತೆಂಬ ನೆನಪೋ, ಅಜ್ಜನಿಗೆ ಏನನ್ನೋ ಓದಿ ಹೇಳಿದ್ದ ನೆನಪೋ. ಹಿರಿಯರು ಹಿಂದಿನ ಪತ್ರವನ್ನು ತರಿಸಿ ನೋಡಿದರು. ಅದರಲ್ಲಿ ಅಜ್ಜನ ಕಣ್ಣಿಗೆ ಪೊರೆ ಬಂದದ್ದರ ಮಾತಿತ್ತು. ಅವರು ಪೆನ್ಸಿಲ್ಲಿನಿಂದ ಎರಡನೆಯ ಬಿಡಿಕೆಯ ಎದುರು ಒಂದು ಗುರುತು ಹಾಕಿ, ಮುಂದಿನ ವಾಕ್ಯಕ್ಕೆ ಹೋದರು.